ಚಟ್ನಿಪುಡಿ ಲೆಕ್ಕ: ಅಕೌಂಟೆಂಟ್‌ಗೆ ಮೂರನೇ ಸಲ ಬರೆದ ಮೇಲ್

ದಾವಣಗೆರೆಯಲ್ಲಿ ನನ್ನದು ಚಟ್ನಿಪುಡಿ, ಸಾರಿನ ಪುಡಿ ಮಾಡುವ ಸಣ್ಣ ಉದ್ಯಮ. ಖರೀದಿ ಬಿಲ್‌ಗಳ ಫೋಟೋ ತೆಗೆದು ಅಕೌಂಟೆಂಟ್ ಮೇಡಂಗೆ ಕಳಿಸುತ್ತೇನೆ. ಅವರ ಕಚೇರಿಯಲ್ಲಿ ಅದನ್ನು ಶೀಟ್‌ಗೆ ಹಾಕುತ್ತಾರೆ. ಯಾವ ಕಾಲಂ ಬೇಕು ಅಂತ ಹೇಳುವ ಮೇಲ್ ಅನ್ನು ಇವತ್ತು ಮೂರನೇ ಸಲ ಬರೆದೆ.

ಮೊದಲ ಮೇಲ್. ತಾರೀಖು, ಅಂಗಡಿ, ಮೊತ್ತ, ತೆರಿಗೆ ದರ, ತೆರಿಗೆ. ಇಷ್ಟೇ ಕೇಳಿದ್ದೆ. ಒಂದು ಬಿಲ್‌ಗೆ ಒಂದು ಸಾಲು. ಸಗಟು ಅಂಗಡಿಯ ಒಂದೇ ಬಿಲ್‌ನಲ್ಲಿ ಅದು ಕೈಕೊಟ್ಟಿತು. ಆ ಬಿಲ್‌ನಲ್ಲಿ 4,000 ರೂಪಾಯಿ ಜೀರಿಗೆ ಇತ್ತು, ಅದಕ್ಕೆ 5% ಜಿಎಸ್‌ಟಿ. ಜೊತೆಗೆ 1,500 ರೂಪಾಯಿ ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ 18%. ತೆರಿಗೆ 200 ಮತ್ತು 270, ಒಟ್ಟು ಬಿಲ್ 5,970. ಒಂದೇ ಸಾಲಿನಲ್ಲಿ ದರದ ಕಾಲಂಗೆ ಏನು ಬರೆಯುವುದು ಹೇಳಿ?

ಎರಡನೇ ಮೇಲ್. ಬಿಲ್‌ಗೆ ಒಂದು ಸಾಲಲ್ಲ, ಒಂದೊಂದು ತೆರಿಗೆ ದರಕ್ಕೆ ಒಂದೊಂದು ಸಾಲು ಅಂತ ಬದಲಿಸಿದೆ. ಇದು ಸರಿಯಾಯಿತು. ಆದರೆ ಎರಡೂ ಸಾಲಿನಲ್ಲಿ ಒಟ್ಟು ಮೊತ್ತ 5,970 ಅಂತಲೇ ಬಂತು. ಕೂಡಿಸಿದರೆ 11,940! ತಿಂಗಳ ಖರೀದಿ ಸುಮ್ನೆ ಉಬ್ಬಿಹೋಗಿತ್ತು. ಅದಕ್ಕೇ ಈಗ ಸಾಲಿನ ಮೊತ್ತ ಬೇರೆ, ಬಿಲ್‌ನ ಮೊತ್ತ ಬೇರೆ. ಇಲ್ಲಿ ಸಾಲಿನ ಮೊತ್ತ 4,200 ಮತ್ತು 1,770. ಬಿಲ್‌ನ ಮೊತ್ತವನ್ನು ಯಾರೂ ಕೂಡಿಸಬಾರದು, ಅದು ತಾಳೆ ನೋಡುವುದಕ್ಕೆ ಮಾತ್ರ.

ಮೂರನೇ ಮೇಲ್. ಎ ಇಂದ ಓ ವರೆಗಿನ ಕಾಲಂಗಳ ತಲೆಸಾಲು ಇದು:

```
Photo,BillDate,Supplier,GSTIN,OurGSTIN,BillNo,Taxable,Rate,CGST,SGST,IGST,RowTotal,BillTotal,Paid,Note
```

ಮೇಲ್‌ನಲ್ಲಿ ಬರೆದ ಮಾತು ಹೀಗಿದೆ:

"ಮೇಡಂ, ನಮಸ್ಕಾರ. `OurGSTIN` ಕಾಲಂನಲ್ಲಿ ನಮ್ಮ ಜಿಎಸ್‌ಟಿ ನಂಬರ್ ಬಿಲ್ ಮೇಲೆ ಇದ್ದರೆ Y, ಇಲ್ಲದಿದ್ದರೆ N ಹಾಕಿಸಿ. ನಂಬರ್ ಇಲ್ಲದ ಬಿಲ್‌ನ ತೆರಿಗೆ ನಮಗೆ ವಾಪಸ್ ಸಿಗುವುದಿಲ್ಲ ಅಂತ ನೀವೇ ಹೇಳಿದ್ದಿರಿ. ಆ ಅಂಗಡಿಯವರಿಗೆ ನಾನು ಆ ವಾರವೇ ಹೇಳಿ ಸರಿ ಮಾಡಿಸುತ್ತೇನೆ. ಬಿಲ್ ನಂಬರ್ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಅಂತ ಮಾಡಿಸಿ. ಇಲ್ಲದಿದ್ದರೆ 0042 ಹೋಗಿ 42 ಆಗುತ್ತದೆ, 11-12 ಅಂತ ಇದ್ದ ನಂಬರ್ ತಾರೀಖಾಗಿಬಿಡುತ್ತದೆ. ಫೋಟೋದಲ್ಲಿ ಓದಲು ಆಗದ್ದನ್ನು ದಯವಿಟ್ಟು ಊಹಿಸಿ ತುಂಬಿಸಬೇಡಿ. ಖಾಲಿ ಬಿಟ್ಟು `Note`ನಲ್ಲಿ ಬರೆಸಿ, ನಾನು ಮೂಲ ಬಿಲ್ ನೋಡಿ ಹೇಳುತ್ತೇನೆ. `Paid`ನಲ್ಲಿ ನಗದು, ಯುಪಿಐ ಅಥವಾ ಬಾಕಿ ಅಂತ ಬರಲಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟಿದ್ದರೆ ಅದು ತಕ್ಷಣ ಕಣ್ಣಿಗೆ ಬೀಳಬೇಕು."

ಹದಿನಾರನೇ ಕಾಲಂ ನಾನೇ ಸೇರಿಸಿಕೊಂಡೆ:

```
=SUMIFS(L:L,A:A,A2)-M2
```

ಒಂದೇ ಫೋಟೋ ನಂಬರ್ ಇರುವ ಸಾಲುಗಳನ್ನೆಲ್ಲ ಕೂಡಿಸಿ ಬಿಲ್ ಮೊತ್ತ ಕಳೆಯುತ್ತದೆ. ಬಿಲ್ ನಂಬರ್ ಮೇಲೆ ಕೂಡಿಸಬಾರದು, ಎರಡು ಅಂಗಡಿಯ ಬಿಲ್ ನಂಬರ್ ಒಂದೇ ಇರಬಹುದು. ಸೊನ್ನೆ ಬಂದರೆ ಸರಿ. 50 ಪೈಸೆಯ ಒಳಗೆ ಬಂದರೆ ಅಂಗಡಿಯವರು ರೂಪಾಯಿಗೆ ಸರಿಹೊಂದಿಸಿದ್ದಾರೆ ಅಂತ ಅರ್ಥ. ಅದಕ್ಕಿಂತ ಜಾಸ್ತಿ ಬಂದರೆ ಫೋಟೋ ತೆರೆದು ನೋಡಬೇಕು.

ಪರೀಕ್ಷೆಗೆ ಹಳೆಯ ಫೋಟೋಗಳನ್ನೇ ಮತ್ತೆ ಹಾಕಿಸಿದೆವು. ಪ್ರಿಂಟ್ ಹಾಕಿದ ಪ್ಲಾಸ್ಟಿಕ್ ಕವರ್‌ನ ಬಿಲ್ ಒಂದರಲ್ಲಿ 500 ಬಂತು. ನೋಡಿದರೆ 3,300 ಅನ್ನು 3,800 ಅಂತ ಓದಿದ್ದರು. ತೆರಿಗೆ 594 ಸರಿಯಾಗಿಯೇ ಇತ್ತು. ಹಾಗಾಗಿ ಮೊತ್ತ 3,894 ಬರಬೇಕಾದಲ್ಲಿ 4,394 ಬಂದಿತ್ತು. ಮಸುಕಾದ ಮೂರು ಎಂಟರ ಹಾಗೆ ಕಾಣುತ್ತದೆ, ಅವರ ತಪ್ಪೇನಿಲ್ಲ. ಹಾಳೆ ಒಲೆಯ ಪಕ್ಕದ ಕಪಾಟಿನಲ್ಲಿತ್ತು. ಶಾಖಕ್ಕೆ ಥರ್ಮಲ್ ಕಾಗದ ಬೇಗ ಮಾಸುತ್ತದೆ. ಇನ್ನು ಮೇಲೆ ಬಿಲ್ ಕೈಗೆ ಬಂದ ದಿನವೇ ಫೋಟೋ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸುತ್ತೇನೆ, ಇಲ್ಲದಿದ್ದರೆ ಸಣ್ಣ ಅಕ್ಷರ ಕಲಸಿಹೋಗುತ್ತವೆ.

ಈ ಸೂತ್ರ ಹಿಡಿಯದ ತಪ್ಪೂ ಇದೆ. ಬಿಲ್ ನಂಬರ್ ಅಥವಾ ತಾರೀಖು ತಪ್ಪಾಗಿದ್ದರೆ ಸೊನ್ನೆಯೇ ಬರುತ್ತದೆ. ಅದಕ್ಕೆ ಮುಂದಿನ ತಿಂಗಳು 14ಕ್ಕೆ ಬರುವ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಬೇಕು. ಅಂಗಡಿಯವರು ತುಂಬಿದ ಬಿಲ್‌ಗಳು ಅದರಲ್ಲಿ ಇರುತ್ತವೆ. ನಂಬರ್ ಒಂದು ಅಕ್ಷರ ಬೇರೆಯಾದರೂ ಜೋಡಿ ಸಿಗುವುದಿಲ್ಲ.

ಸಂಜೆ ಮೇಡಂ ಉತ್ತರ ಬರೆದರು. ಒಂದೇ ತಿದ್ದುಪಡಿ: ಮಾಲು ವಾಪಸ್ ಕೊಟ್ಟಾಗ ಬರುವ ಕ್ರೆಡಿಟ್ ನೋಟ್‌ಗೂ ಇದೇ ಶೀಟ್‌ನಲ್ಲಿ ಸಾಲು ಬೇಕು, ಮೊತ್ತ ಮೈನಸ್‌ನಲ್ಲಿ. ಅದು ನನಗೆ ಹೊಳೆದೇ ಇರಲಿಲ್ಲ. ಹೋದ ತಿಂಗಳು ಹುಳ ಬಿದ್ದ ಕೊತ್ತಂಬರಿ ಬೀಜ ಎರಡು ಚೀಲ ವಾಪಸ್ ಕಳಿಸಿದ್ದೆ, ಆ ನೋಟ್ ಇನ್ನೂ ಡಬ್ಬದಲ್ಲೇ ಇದೆ. ನಾಳೆ ಬೆಳಿಗ್ಗೆ ಮೊದಲ ಫೋಟೋ ಅದರದ್ದೇ.