ಬೇಸಿಗೆ ಚಿತ್ರಕಲಾ ಶಿಬಿರ: ಶಾಲೆಗೆ ಬರೆದ ಪತ್ರ ಒಂದು ಪುಟಕ್ಕೆ ಇಳಿದ ಕಥೆ

ಫೆಬ್ರವರಿ 4

ಮೊದಲ ಕರಡು ಒಂದೂವರೆ ಪುಟ ಬಂದಿದೆ. ಅದರಲ್ಲಿ ಮುಕ್ಕಾಲು ಪುಟ ನನ್ನ ಬಗ್ಗೆಯೇ. ಎದುರು ಮನೆಯ ನಿವೃತ್ತ ಮೇಷ್ಟ್ರಿಗೆ ತೋರಿಸಿದೆ. ಪೂರ್ತಿ ಓದಿ, "ದುಡ್ಡಿನ ಮಾತು ಎಲ್ಲಿದೆಯಮ್ಮ?" ಎಂದರು. ಕೊನೆಯ ಸಾಲಿನಲ್ಲಿ ‘ಅಲ್ಪ ಶುಲ್ಕ’ ಎಂದು ಬರೆದಿದ್ದೆ. "ಅಲ್ಪ ಎಂದರೆ ಎಷ್ಟು ಎಂದು ಕೇಳಲು ಯಾರೂ ನಿನಗೆ ಫೋನ್ ಮಾಡುವುದಿಲ್ಲ. ಪತ್ರ ಫೈಲಿಗೆ ಹೋಗುತ್ತದೆ, ಅಷ್ಟೇ."

ಇನ್ನೊಂದು ಮಾತನ್ನೂ ಹೇಳಿದರು: ಪತ್ರ ಫೆಬ್ರವರಿಯಲ್ಲೇ ತಲುಪಬೇಕು, ಮಾರ್ಚ್ ಬಂದರೆ ಶಾಲೆಯವರಿಗೆ ಪರೀಕ್ಷೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಫೆಬ್ರವರಿ 7

ಶುಲ್ಕ ಹೇಳುವ ಮೊದಲು ಲೆಕ್ಕ ಹಾಕಲೇಬೇಕಾಯಿತು. ಹತ್ತು ದಿನ, ದಿನಕ್ಕೆ ಎರಡು ಗಂಟೆ. ಸಹಾಯಕ್ಕೆ ಬರುವ ಹುಡುಗಿಗೆ ದಿನಕ್ಕೆ 700, ಶಾಲೆಯ ಆಯಾಗೆ ದಿನಕ್ಕೆ 300 ರೂಪಾಯಿ. ಹತ್ತು ದಿನಕ್ಕೆ 10,000 ಆಯಿತು. ಮಕ್ಕಳು ಎಷ್ಟೇ ಬಂದರೂ ಇದು ತಪ್ಪದ ಖರ್ಚು. ಮಗುವೊಂದಕ್ಕೆ ಕಾಗದ, ಪೋಸ್ಟರ್ ಬಣ್ಣ, ಕುಂಚ, ಜೇಡಿಮಣ್ಣು ಸೇರಿ 650. ಕೊಠಡಿ ಕೊಡುವುದಕ್ಕೆ ಶಾಲೆಗೆ ಮಗುವಿಗೆ 300.

ನನ್ನ ಮನಸ್ಸಿನಲ್ಲಿದ್ದ ಶುಲ್ಕ 1,500. ಅದರಲ್ಲಿ ಮಗುವೊಂದಕ್ಕೆ ಉಳಿಯುವುದು 550 ಮಾತ್ರ. ಅಂದರೆ 19 ಮಕ್ಕಳು ಸೇರಿದರಷ್ಟೇ ಕೈಯಿಂದ ಹಾಕುವುದು ತಪ್ಪುತ್ತದೆ, ನನ್ನ ದುಡಿಮೆಗೆ ಸೊನ್ನೆ. 2,400 ಎಂದು ಇಟ್ಟರೆ 1,450 ಉಳಿಯುತ್ತದೆ, ಏಳನೆಯ ಮಗುವಿಗೆ ಖರ್ಚು ದಾಟುತ್ತದೆ. ಹನ್ನೆರಡು ಮಕ್ಕಳು ಬಂದರೆ ನನಗೆ 7,400. ಹತ್ತು ಬೆಳಗ್ಗೆಗೆ ಇದಕ್ಕಿಂತ ಕಡಿಮೆಗೆ ನಾನು ಒಲ್ಲೆ. ಆದ್ದರಿಂದ ಪತ್ರದಲ್ಲಿ ‘ಕನಿಷ್ಠ 12, ಗರಿಷ್ಠ 20’ ಎಂದೇ ಬರೆದೆ. ಇಪ್ಪತ್ತಕ್ಕಿಂತ ಹೆಚ್ಚಾದರೆ ಇಬ್ಬರ ಕೈಯಲ್ಲಿ ಆಗದು.

ಫೆಬ್ರವರಿ 12

ಎರಡನೆಯ ಕರಡು ಹಿಡಿದು ಶಾಲೆಗೇ ಹೋದೆ. ಮುಖ್ಯೋಪಾಧ್ಯಾಯಿನಿ ಪೆನ್ನು ಹಿಡಿದು ಓದಿದರು. ಶುಲ್ಕದ ಸಾಲನ್ನು ಸುಮ್ಮನೆ ದಾಟಿದರು! ಪೆನ್ನು ನಿಂತದ್ದು ಎರಡು ಕಡೆ.

ಮೊದಲನೆಯದು, ಹಣ ಯಾರ ಕೈಗೆ? "ನಮ್ಮ ಕಚೇರಿಯಲ್ಲಿ ಕಟ್ಟಿಸಿಕೊಂಡರೆ ನಾವು ರಸೀದಿ ಕೊಡಬೇಕು. ನಾಳೆ ಶಿಬಿರ ನಿಂತರೆ ಪೋಷಕರು ನಮ್ಮನ್ನು ಹಿಡಿಯುತ್ತಾರೆ." ಇದು ನನಗೆ ಹೊಳೆದೇ ಇರಲಿಲ್ಲ.

ಎರಡನೆಯದು ಮಣ್ಣು. ಎದ್ದು ನನ್ನನ್ನು ಕಾರಿಡಾರಿನ ಕೈತೊಳೆಯುವ ತೊಟ್ಟಿಗೆ ಕರೆದೊಯ್ದರು. ಹಿಂದೊಮ್ಮೆ ಗಣಪತಿ ಮಾಡಿಸಿದಾಗ ಮಕ್ಕಳೆಲ್ಲ ಅಲ್ಲೇ ಕೈ ತೊಳೆದು ಕೊಳವೆ ಕಟ್ಟಿಕೊಂಡಿತ್ತಂತೆ. ಜೇಡಿಮಣ್ಣಿನ ಗುಣವೇ ಅದು: ನೀರಿನೊಂದಿಗೆ ಹರಿದು ಹೋದಂತೆ ಕಾಣುತ್ತದೆ, ಕೊಳವೆಯ ತಿರುವಿನಲ್ಲಿ ತಂಗಿ ಗಟ್ಟಿಯಾಗುತ್ತದೆ. ಎರಡು ಬಕೆಟ್ ಇಡುತ್ತೇನೆ ಎಂದೆ. ಮೊದಲನೆಯದರಲ್ಲಿ ಕೈ ಉಜ್ಜುವುದು, ಎರಡನೆಯದರಲ್ಲಿ ತೊಳೆಯುವುದು, ಆಮೇಲಷ್ಟೇ ನಲ್ಲಿ. ಬಕೆಟ್ಟುಗಳನ್ನು ರಾತ್ರಿ ಹಾಗೇ ಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ. ಬೆಳಗ್ಗೆ ತಿಳಿನೀರು ಗಿಡಕ್ಕೆ, ಮಣ್ಣು ಮತ್ತೆ ಚೀಲಕ್ಕೆ. "ಇದನ್ನೂ ಬರೆಯಿರಿ" ಎಂದರು.

ಫೆಬ್ರವರಿ 16

ಮೂರನೆಯ ಕರಡು. ನನ್ನ ಪರಿಚಯ ಎರಡೇ ಸಾಲು. ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಸವಾರಿಯನ್ನೂ ಇಳಿಸಿದೆ. ನಡುವಿನ ಭಾಗ ಹೀಗಿದೆ:

"ಮಾನ್ಯರೆ, ಏಪ್ರಿಲ್ 15ರಿಂದ ಹತ್ತು ದಿನ, ಬೆಳಗ್ಗೆ 10ರಿಂದ 12ರವರೆಗೆ, 8ರಿಂದ 12 ವರ್ಷದ ಮಕ್ಕಳಿಗೆ ಚಿತ್ರಕಲಾ ಶಿಬಿರ ನಡೆಸಲು ತಮ್ಮ ನೆಲಮಹಡಿಯ ಒಂದು ಕೊಠಡಿಯನ್ನು ಕೋರುತ್ತೇನೆ. ಸಾಮಗ್ರಿ ಸೇರಿ ಶುಲ್ಕ 2,400 ರೂಪಾಯಿ. ಶುಲ್ಕವನ್ನು ನಾನೇ ಪಡೆದು ನನ್ನ ಹೆಸರಿನ ರಸೀದಿ ಕೊಡುತ್ತೇನೆ. ಶಾಲೆಗೆ ಮಗುವೊಂದಕ್ಕೆ 300 ರೂಪಾಯಿಯನ್ನು ಮೊದಲ ದಿನವೇ ಸಲ್ಲಿಸುತ್ತೇನೆ. ಮಾರ್ಚ್ 31ರೊಳಗೆ 12 ಮಕ್ಕಳು ಸೇರದಿದ್ದರೆ ಶಿಬಿರ ರದ್ದಾಗಿ ಪೂರ್ತಿ ಹಣ ಹಿಂದಿರುಗುತ್ತದೆ. ಮಕ್ಕಳು ಮಾಡುವ ಮಣ್ಣಿನ ಬೊಂಬೆಗಳನ್ನು ಸುಡುವುದಿಲ್ಲ, ಒಣಗಿಸಿ ಬಣ್ಣ ಹಚ್ಚುತ್ತೇವೆ. ನೀರು ತಾಗಿದರೆ ಕರಗುತ್ತವೆ."

ಏಪ್ರಿಲ್ 14 ಅಂಬೇಡ್ಕರ್ ಜಯಂತಿ, ಅದಕ್ಕೇ 15. ತಡಮಾಡಿದರೆ ಮಕ್ಕಳು ಅಜ್ಜಿಯ ಊರಿನ ಬಸ್ ಹತ್ತಿರುತ್ತಾರೆ. ಕೊನೆಯ ವಾಕ್ಯವನ್ನು ಪೋಷಕರಿಗಾಗಿ ಸೇರಿಸಿದೆ. ಕಳೆದ ವರ್ಷ ನಮ್ಮ ಮನೆಯ ಮಹಡಿಯ ಮೇಲೆ ನಾಲ್ಕು ಮಕ್ಕಳಿಗೆ ಹೇಳಿಕೊಟ್ಟಾಗ ಒಬ್ಬ ತಾಯಿ ಮಗನ ಹೂಕುಂಡಕ್ಕೆ ನೀರು ಹಾಕಿ, ಮೇಜಿನ ಮೇಲೆ ಕೆಸರು ಮಾಡಿಕೊಂಡು ಬೇಸರಪಟ್ಟಿದ್ದರು.

ಮಣ್ಣಿನ ಕೆಲಸವನ್ನು ಮೊದಲ ನಾಲ್ಕು ದಿನಕ್ಕೇ ಇಟ್ಟಿದ್ದೇನೆ. ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ ಸಂಜೆ ಮಳೆ ಹಿಡಿದರೆ ಹೆಬ್ಬೆರಳು ದಪ್ಪದ ಬೊಂಬೆ ಮೂರು ದಿನವಾದರೂ ಒಳಗೆ ಹಸಿಯೇ ಇರುತ್ತದೆ. ಕೆನ್ನೆಗೆ ಒತ್ತಿದರೆ ತಣ್ಣಗಿದ್ದರೆ ಇನ್ನೂ ಒಣಗಿಲ್ಲ ಎಂದರ್ಥ.

ಮಾರ್ಚ್ 12

ಪತ್ರದ ನಕಲಿನ ಮೇಲೆ ಕಚೇರಿಯ ಮೊಹರು ಫೆಬ್ರವರಿ 18ರಂದೇ ಬಿದ್ದಿತ್ತು. ಅನುಮತಿ ಹತ್ತು ದಿನ ಕಳೆದು ಬಂತು, ಒಂದು ಷರತ್ತಿನೊಂದಿಗೆ: ಮಗುವನ್ನು ಕರೆದೊಯ್ಯುವವರ ಹೆಸರು ಮತ್ತು ಸಹಿಯ ಪುಸ್ತಕವೊಂದು ಗೇಟಿನಲ್ಲಿ ಇರಬೇಕು. ಸುತ್ತೋಲೆ ಮಕ್ಕಳ ಡೈರಿಗೆ ಅಂಟಿದೆ. ಇವತ್ತಿಗೆ ಒಂಬತ್ತು ಹೆಸರು. ಮಣ್ಣಿಗೆ ಮುಂಗಡ ಇನ್ನೂ ಕೊಟ್ಟಿಲ್ಲ.