ರೋಸ್ಟ್ ಅನ್ನು ಯಾವಾಗ ಹೊರಗೆ ತೆಗೆಯಬೇಕು?

ನಮ್ಮ ಕಿಚನ್‌ಗೆ ಹೊಸದಾಗಿ ಸೇರಿದವರು ಮೊದಲು ಕೇಳೋದು ಒಂದೇ ಪ್ರಶ್ನೆ: "ಎಷ್ಟು ಡಿಗ್ರಿಗೆ ತೆಗೀಲಿ ಅಣ್ಣಾ?" ನಾನು ತಿರುಗಿ ಕೇಳುತ್ತೇನೆ, "ಓವನ್ ಎಷ್ಟರಲ್ಲಿದೆ?" ಅದು ಗೊತ್ತಿಲ್ಲದೆ ಉತ್ತರ ಹೇಳೋಕಾಗಲ್ಲ.

ಮೂಳೆ ತೆಗೆದು ಸುತ್ತಿ ಕಟ್ಟಿದ ಎರಡೂವರೆ ಕೆಜಿಯ ಕುರಿ ತೊಡೆ ಅಂದುಕೊಳ್ಳಿ. ನಡುವೆ 60 ಡಿಗ್ರಿ ಸೆಲ್ಸಿಯಸ್ ಬೇಕು, ಓವನ್ 200ರಲ್ಲಿದೆ. ಮಾಂಸಕ್ಕೆ ಚುಚ್ಚಿ ಬಿಸಿ ಅಳೆಯುವ ಪ್ರೋಬ್ 53 ತೋರಿಸಿದಾಗಲೇ ನಾನು ಹೊರಗೆ ತೆಗೆಯುತ್ತೇನೆ. ನಡುಭಾಗ 53 ಇದ್ದರೂ ಹೊರಗಿನ ಪದರ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತದೆ. ಮಾಂಸವನ್ನು ಹೊರಗಿಟ್ಟ ಮೇಲೂ ಆ ಬಿಸಿ ಒಳಕ್ಕೆ ಇಳಿಯುತ್ತಲೇ ಇರುತ್ತದೆ. ಹದಿನೈದಿಪ್ಪತ್ತು ನಿಮಿಷದಲ್ಲಿ ಅಂಕಿ 60ರ ಹತ್ತಿರ ಬಂದು ನಿಲ್ಲುತ್ತದೆ. ಇದೇ ಕ್ಯಾರಿಓವರ್.

ಅದೇ ತೊಡೆಯನ್ನು 120ರಲ್ಲಿ ನಿಧಾನವಾಗಿ ಬೇಯಿಸಿದ್ದರೆ 53ಕ್ಕೆ ತೆಗೆದವರಿಗೆ ಹಸಿಹಸಿ ಮಾಂಸವೇ ಗತಿ. ಕಡಿಮೆ ಶಾಖದಲ್ಲಿ ಹೊರಪದರಕ್ಕೂ ನಡುಭಾಗಕ್ಕೂ ಅಷ್ಟು ಅಂತರ ಇರಲ್ಲ. ಆಮೇಲೆ ಏರುವುದು ಎರಡು ಮೂರು ಡಿಗ್ರಿ ಅಷ್ಟೇ. ಅಲ್ಲಿ 57 ಅಥವಾ 58ರವರೆಗೆ ಕಾಯಬೇಕು.

ಈ ಅಂತರವನ್ನು ಪ್ರೋಬೇ ತೋರಿಸಿಕೊಡುತ್ತದೆ. ಅತಿ ದಪ್ಪ ಇರುವ ಕಡೆ, ಪಕ್ಕದಿಂದ ಚುಚ್ಚಿ. ತುದಿ ನಡುಭಾಗವನ್ನು ದಾಟಿ ಸ್ವಲ್ಪ ಮುಂದೆ ಹೋಗಲಿ. ಆಮೇಲೆ ಮೆಲ್ಲಗೆ ಹಿಂದಕ್ಕೆ ಎಳೆಯುತ್ತಾ ಬನ್ನಿ. ಅಂಕಿ ಇಳಿದು, ಒಂದು ಕಡೆ ತಳ ಮುಟ್ಟಿ, ಮತ್ತೆ ಏರುತ್ತದೆ. ಆ ಅತಿ ಕಡಿಮೆ ಅಂಕಿಯೇ ನಿಜವಾದ ನಡುಭಾಗದ್ದು. ಇನ್ನೂ ಎಳೆದಾಗ ಹೊರಗಿನತ್ತ ಅಂಕಿ ಸರ್ರನೆ ಏರಿದರೆ ಕ್ಯಾರಿಓವರ್ ಜಾಸ್ತಿ. ನಿಧಾನವಾಗಿ ಏರಿದರೆ ಕಡಿಮೆ. ಮೂಳೆಗೆ ಅಥವಾ ಕೊಬ್ಬಿನ ಗಡ್ಡೆಗೆ ತುದಿ ತಾಗಿದರೆ ಆ ಅಂಕಿಯನ್ನು ನಂಬಬೇಡಿ.

ಓವನ್ ಒಳಗೇ ಬಿಡುವ ಪ್ರೋಬ್ ಇದ್ದರೆ ಇನ್ನೂ ಸುಲಭ. ಕೊನೆಯ ಹತ್ತು ನಿಮಿಷದಲ್ಲಿ ಅಂಕಿ ಎಷ್ಟು ಜೋರಾಗಿ ಏರುತ್ತಿದೆ ನೋಡಿ. ನಿಮಿಷಕ್ಕೊಂದು ಡಿಗ್ರಿ ಏರುತ್ತಿದ್ದರೆ ಬೇಗ ತೆಗೆಯಿರಿ. ಎರಡು ಮೂರು ನಿಮಿಷಕ್ಕೊಂದು ಆದರೆ ಅವಸರ ಬೇಡ.

ತೆಗೆದದ್ದನ್ನು ಬಿಸಿ ಟ್ರೇಯಲ್ಲೇ ಬಿಟ್ಟು ಫಾಯಿಲ್ ಬಿಗಿಯಾಗಿ ಹೊದಿಸಿದರೆ ಅಂಕಿ ಇನ್ನಷ್ಟು ಏರುತ್ತದೆ. ಮೇಲಿನ ಗರಿಗರಿಯೂ ಮೆತ್ತಗಾಗುತ್ತದೆ. ನಾನು ಜಾಲರಿ ಮೇಲಿಟ್ಟು ಸುಮ್ನೆ ತೆರೆದೇ ಬಿಡುತ್ತೇನೆ.

ಕೋಳಿಯ ವಿಷಯದಲ್ಲಿ ಮಾತ್ರ ಅಂದಾಜು ನಡೆಯಲ್ಲ. 70ಕ್ಕೆ ತೆಗೆದರೂ, 74 ಮುಟ್ಟುವುದನ್ನು ಕಣ್ಣಾರೆ ನೋಡುವವರೆಗೆ ಪ್ರೋಬ್ ಕೀಳಬೇಡಿ. ಏರುವುದು ಅದಕ್ಕೆ ಮೊದಲೇ ನಿಂತರೆ ಮತ್ತೆ ಓವನ್‌ಗೆ.