1,180 ರೂಪಾಯಿಯ ಜಗಳ

“ಐದು ವರ್ಷದಿಂದ ಒಂದು ದಿನವೂ ತಡ ಮಾಡದೆ ಬಿಲ್ ಕಟ್ಟಿದ್ದೀನಿ. ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ ಮನ್ನಾ ಮಾಡಿಸಬಹುದಾ? ಹಾಗೇ ಬಡ್ಡೀನೂ ಕಮ್ಮಿ ಮಾಡಿಸಬಹುದಾ?”

ಶುಲ್ಕ ಬಹುಪಾಲು ಸಲ ಮನ್ನಾ ಆಗುತ್ತೆ. ಬಡ್ಡಿ, ನೀವು ಅಂದುಕೊಂಡ ರೀತಿಯಲ್ಲಿ ಆಗಲ್ಲ.

ಮೊದಲು ಶುಲ್ಕ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ ತಕ್ಷಣ “ನಾನು ಯಾವತ್ತೂ ತಡ ಮಾಡಿಲ್ಲ” ಅಂತ ಶುರು ಮಾಡಬೇಡಿ. ಸಮಯಕ್ಕೆ ಪೂರ್ತಿ ಕಟ್ಟುವವರಿಂದ ಬ್ಯಾಂಕಿಗೆ ಬಡ್ಡಿ ಹುಟ್ಟಲ್ಲ, ತಡದ ದಂಡವೂ ಸಿಗಲ್ಲ. ಅಂಥವರಿಂದ ಅದಕ್ಕೆ ಸಿಗೋದು ನೀವು ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವರು ಕೊಡುವ ಕಮಿಷನ್ನು. ಹಾಗಾಗಿ ವರ್ಷದಲ್ಲಿ ಎಷ್ಟು ಖರ್ಚು ಮಾಡಿದ್ದೀರಿ ಅನ್ನೋದೇ ನಿಮ್ಮ ತೂಕ. ಬಾಕಿ ಇಲ್ಲದ ದಾಖಲೆ ಆಮೇಲೆ ಬರಲಿ.

ಶುಲ್ಕ 1,000, ಅದರ ಮೇಲೆ ಜಿಎಸ್‌ಟಿ 180, ಒಟ್ಟು 1,180 ಸ್ಟೇಟ್‌ಮೆಂಟಿನಲ್ಲಿ ಬಿತ್ತು ಅಂದುಕೊಳ್ಳಿ. ಎರಡು ಲಕ್ಷ ಖರ್ಚು ಮಾಡಿದ್ದರೆ ತಾನಾಗೇ ಮನ್ನಾ ಆಗ್ತಿತ್ತು, ನಿಮ್ಮದು 1,60,000ಕ್ಕೆ ನಿಂತಿದೆ. ಆಗ ಹೀಗೆ ಹೇಳಿ: “ಈ ವರ್ಷ ಒಂದು ಲಕ್ಷದ ಅರವತ್ತು ಸಾವಿರ ಖರ್ಚು ಮಾಡಿದ್ದೀನಿ, ಐದು ವರ್ಷದಿಂದ ಪೂರ್ತಿ ಕಟ್ಟಿದ್ದೀನಿ, ಶುಲ್ಕ ವಾಪಸ್ ಮಾಡಿ.” ಅಷ್ಟೇ, ಸುಮ್ಮನಾಗಿ. ಬಾಡಿಗೆ, ಪೆಟ್ರೋಲು, ವಾಲೆಟ್‌ಗೆ ತುಂಬಿಸಿದ ಹಣವನ್ನು ಹಲವು ಬ್ಯಾಂಕುಗಳು ಈ ಲೆಕ್ಕಕ್ಕೆ ಹಿಡಿಯಲ್ಲ. ಅವನ್ನು ಕಳೆದೇ ಸಂಖ್ಯೆ ಹೇಳಿ, ಇಲ್ಲದಿದ್ದರೆ ಆ ಕಡೆಯವರು ತಿದ್ದುತ್ತಾರೆ, ಮಾತಿನ ಬಿಸಿ ಅಲ್ಲೇ ಇಳಿಯುತ್ತೆ.

ಸಾಮಾನ್ಯವಾಗಿ ಬರುವ ಉತ್ತರ: “ಸರ್, ಮುಂದಿನ ತೊಂಬತ್ತು ದಿನದಲ್ಲಿ ಇಷ್ಟು ಖರ್ಚು ಮಾಡಿದರೆ ವಾಪಸ್ ಮಾಡ್ತೀವಿ.” ಹೇಗೂ ಮಾಡುವ ಖರ್ಚಾದರೆ ಒಪ್ಪಿಕೊಳ್ಳಿ. ಇಲ್ಲವಾದರೆ ಕಾರ್ಡ್ ಮುಚ್ಚುವ ಮಾತು ತೆಗೆಯಿರಿ, ಆದರೆ ನಿಜವಾಗಿ ಮುಚ್ಚೋಕೆ ತಯಾರಿದ್ದರೆ ಮಾತ್ರ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ಬಾಕಿ ತೀರಿದ ಕಾರ್ಡನ್ನು ಮುಚ್ಚಿ ಅಂದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು. ಅಂದರೆ ಹುಸಿ ಬೆದರಿಕೆ ಹಾಕಿದರೆ ಸುಮ್ಮನೆ ಮುಚ್ಚಿಬಿಡಲೂಬಹುದು. ಅದಕ್ಕೇ ರಿವಾರ್ಡ್ ಪಾಯಿಂಟ್ ಮೊದಲೇ ಬಳಸಿಬಿಡಿ. ಅದೇ ಬ್ಯಾಂಕಿನ ಶುಲ್ಕವಿಲ್ಲದ ಕಾರ್ಡಿಗೆ ಬದಲಿಸಿಕೊಡಿ ಅಂತ ಕೇಳೋದೂ ಒಂದು ದಾರಿ.

ಇನ್ನು ಎಲ್ಲರೂ ಎಡವುವ ಜಾಗ. “ವಾಪಸ್ ಬರುತ್ತೆ” ಅಂತ ಹೇಳಿದರಲ್ಲ, ಅಂತ 1,180 ಬಿಟ್ಟು ಉಳಿದದ್ದನ್ನು ಕಟ್ಟುತ್ತಾರೆ. ವಾಪಸಾತಿ ಗಡುವಿನೊಳಗೆ ಬರದಿದ್ದರೆ ಬಿಲ್ ಪೂರ್ತಿ ಕಟ್ಟಿಲ್ಲ ಅಂತಲೇ ಲೆಕ್ಕ, ಹೊಸ ಖರೀದಿಗಳಿಗೆ ಬಡ್ಡಿಯಿಲ್ಲದ ಅವಧಿಯೂ ಹೋಗುತ್ತೆ. ಪೂರ್ತಿ ಕಟ್ಟಿ, ವಾಪಸ್ ಬಂದದ್ದು ಮುಂದಿನ ಬಿಲ್ಲಿನಲ್ಲಿ ಜಮೆಯಾಗುತ್ತೆ.

ಈಗ ಬಡ್ಡಿ. ನಿಜ ಹೇಳಬೇಕೆಂದರೆ ಪ್ರಶ್ನೆಯ ಈ ಅರ್ಧಕ್ಕೇ ನನಗೆ ಸಿಟ್ಟು ಬರೋದು. ತಿಂಗಳು ತಿಂಗಳೂ ಪೂರ್ತಿ ಕಟ್ಟುವವರಿಗೆ ದರ ತಿಂಗಳಿಗೆ ಶೇಕಡಾ 3.5 ಆದರೇನು, 10 ಆದರೇನು? ಕೇಳುವವರನ್ನು ಸ್ವಲ್ಪ ಕೆದಕಿದರೆ “ಮಿನಿಮಮ್ ಡ್ಯೂ ತಪ್ಪದೆ ಕಟ್ಟಿದ್ದೀನಿ” ಅನ್ನೋದು ಹೊರಬೀಳುತ್ತೆ. ಬಿಲ್ಲಿನ ಆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ತಡದ ದಂಡ ತಪ್ಪುತ್ತೆ, ಬಡ್ಡಿ ತಪ್ಪಲ್ಲ. 40,000 ಬಾಕಿಗೆ ತಿಂಗಳಿಗೆ 3.5ರಂತೆ 1,400 ಬಡ್ಡಿ, ಅದಕ್ಕೆ 252 ಜಿಎಸ್‌ಟಿ: 1,652. ವರ್ಷಕ್ಕೊಮ್ಮೆಯ 1,180ಕ್ಕೆ ಅರ್ಧ ಗಂಟೆ ವಾದ ಮಾಡುವವರು ತಿಂಗಳ 1,652ರ ಬಗ್ಗೆ ಉಸಿರೆತ್ತಲ್ಲ.

ನೀವು ಕೇಳಬೇಕಿದ್ದದ್ದು “ಬಾಕಿಯನ್ನು ಕಂತಿಗೆ ಹಾಕಿದರೆ ಎಷ್ಟಾಗುತ್ತೆ?” ಅಂತ. ಕಾರ್ಡಿನ ಮಾಮೂಲು ದರವನ್ನು ಫೋನಿನಲ್ಲಿ ಇಳಿಸಿಕೊಡೋದು ಅಪರೂಪ. ಚೌಕಾಸಿಗೆ ಜಾಗ ಇರೋದು ಇಎಂಐ ದರದಲ್ಲಿ, ನಿಮ್ಮ ಒಳ್ಳೆಯ ದಾಖಲೆ ಕೆಲಸಕ್ಕೆ ಬರೋದೂ ಅಲ್ಲೇ. ಅದೇ 40,000ವನ್ನು ವರ್ಷಕ್ಕೆ 16ರ ದರದಲ್ಲಿ 12 ಕಂತು ಮಾಡಿದರೆ ತಿಂಗಳಿಗೆ ಸುಮಾರು 3,630, ಒಟ್ಟು ಬಡ್ಡಿ 3,550ರ ಆಸುಪಾಸು. ತಿಂಗಳಿಗೆ 3.5ರಲ್ಲೇ ಇಟ್ಟು 12 ತಿಂಗಳಲ್ಲಿ ತೀರಿಸಿದರೆ ಬಡ್ಡಿಯೇ ಸುಮಾರು 9,670. ಎರಡರ ಮೇಲೂ ಜಿಎಸ್‌ಟಿ ಬೇರೆ. ಪ್ರೊಸೆಸಿಂಗ್ ಶುಲ್ಕ ಎಷ್ಟು, ಮುಂಚೆ ತೀರಿಸಿದರೆ ದಂಡ ಎಷ್ಟು ಅಂತ ಒಪ್ಪುವ ಮೊದಲೇ ಕೇಳಿ. ಬಿಲ್ಲಿನ ಗಡುವಿನ ದಿನ ದಾಟುವ ಮುಂಚೆ ಕೇಳಿ.

ಎರಡಕ್ಕೂ ಕೋರಿಕೆ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದಿನ ಸ್ಟೇಟ್‌ಮೆಂಟ್ ಬಂದಾಗ ಜಮೆಯ ಸಾಲುಗಳಲ್ಲಿ 1,000 ಮಾತ್ರ ಕಂಡು 180 ಕಾಣದಿದ್ದರೆ, ಆ ಸಂಖ್ಯೆ ಹಿಡಿದು ಮತ್ತೆ ಫೋನ್ ಮಾಡಿ.